ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ: ತಿರಸ್ಕೃತವಾದ ವಿಮಾ ಹಣಕ್ಕಾಗಿ ಬರೆದ ಒಂದು ಪತ್ರ

(ಎಮ್ಮೆದೊಡ್ಡಿಯ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಈ ಸಭೆಗಳಲ್ಲಿ ತಾಯಿ ಮಗುವಿನ ಆರೈಕೆ, ಚುಚ್ಚುಮದ್ದು, ಮಕ್ಕಳ ನಡುವಣ ಅಂತರ ಮುಂತಾದ ವಿಷಯಗಳನ್ನು ಕುರಿತು ನಾನು ಮಾತನಾಡುವುದು ರೂಢಿ. ಇಂದು ಒಂದು ಪತ್ರವನ್ನು ಓದಿ ಹೇಳಲು ಬಂದಿದ್ದೇನೆ. ಇದು ಈ ಭಾಗದ ಒಬ್ಬ ತಾಯಿ, ತಮ್ಮ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಹಣವನ್ನು ಕೊಡಲಾಗದೆಂದು ತಿಳಿಸಿದ ವಿಮಾ ಕಂಪನಿಗೆ ಬರೆದ ಮೇಲ್ಮನವಿ. ಅವರ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ನಾನು ಹೇಳುವುದಿಲ್ಲ. ಪತ್ರವನ್ನು ಇಲ್ಲಿ ಓದಲು ಆ ತಾಯಿಯು ಒಪ್ಪಿಗೆ ಕೊಟ್ಟಿದ್ದಾರೆ. ಗಂಡಹೆಂಡಿರಿಬ್ಬರೂ ಕುಳಿತು ಕೇಳಬೇಕಾದ ವಿಷಯವಿದು. ಏಕೆಂದರೆ ಇಲ್ಲಿ ತೊಂದರೆ ಹುಟ್ಟಿದ್ದು ಹೆಂಡತಿಯ ಕಣ್ಣಿನ ಬಗ್ಗೆ ಗಂಡನು ಆಡಿದ ಒಂದು ಮಾತಿನಿಂದ.

ಕಳೆದ 2025ನೆಯ ಇಸವಿಯ ಜೂನ್ ತಿಂಗಳ ಆರಂಭದಲ್ಲಿ ಆ ದಂಪತಿಗಳು ಆರೋಗ್ಯ ಕೇಂದ್ರಕ್ಕೆ ಬಂದರು. ಕೈಯಲ್ಲಿ ಇಂಗ್ಲಿಷಿನ ಒಂದು ಕಾಗದ. ತಾಯಿಗೆ ಐವತ್ತನಾಲ್ಕು ವರ್ಷ. ಏಪ್ರಿಲ್ 21ರಂದು ಅವರ ಬಲಗಣ್ಣಿಗೆ ದೂರದ ಊರೊಂದರ ಖಾಸಗಿ ಆಸ್ಪತ್ರೆಯಲ್ಲಿ ಪೊರೆ ತೆಗೆದು ಕೃತಕ ಮಸೂರವನ್ನು ಕೂರಿಸಲಾಗಿತ್ತು. ಬಿಲ್ಲು 38,400 ರೂಪಾಯಿ. ಆ ಆಸ್ಪತ್ರೆಗೂ ವಿಮಾ ಕಂಪನಿಗೂ ಒಪ್ಪಂದವಿರಲಿಲ್ಲವಾದ್ದರಿಂದ ಹಣವನ್ನು ಮೊದಲು ಇವರೇ ಕಟ್ಟಿ, ಅನಂತರ ಕಂಪನಿಯಿಂದ ಪಡೆಯಬೇಕಾಗಿತ್ತು. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಕಟ್ಟಿದ್ದರು. ಕಂತುಗಳು ಆಗಲೇ ಆರಂಭವಾಗಿದ್ದವು. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಆ ಕಾಗದದಲ್ಲಿ ಏನು ಬರೆದಿದೆಯೆಂಬುದು ಇಬ್ಬರಿಗೂ ತಿಳಿದಿರಲಿಲ್ಲ. "ದುಡ್ಡು ಬರುವುದಿಲ್ಲ ಅಂತ ಏಜೆಂಟರು ಹೇಳಿದರು ಸ್ವಾಮಿ, ಯಾಕೆ ಅಂತ ಹೇಳಲಿಲ್ಲ" ಎಂದು ಯಜಮಾನರು ಕಾಗದವನ್ನು ಮೇಜಿನ ಮೇಲಿಟ್ಟರು.

ಅವರ ಪಾಲಿಸಿ 'ಆರೋಗ್ಯ ಸಂಜೀವನಿ' ಎಂಬುದು. ಇದು ಒಂದು ಕಂಪನಿಯ ಸ್ವಂತ ಪಾಲಿಸಿಯಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2020ನೆಯ ಏಪ್ರಿಲ್ ತಿಂಗಳಿನಿಂದ ಆರೋಗ್ಯ ವಿಮಾ ಕಂಪನಿಗಳು ಒಂದೇ ಒಕ್ಕಣೆಯಲ್ಲಿ ಮಾರುತ್ತಿರುವ ಪಾಲಿಸಿ. ಆದುದರಿಂದ ಒಬ್ಬರ ಪಾಲಿಸಿಯ ಷರತ್ತನ್ನು ಅರ್ಥಮಾಡಿಕೊಂಡರೆ ಇದೇ ಪಾಲಿಸಿಯುಳ್ಳ ಇತರರಿಗೂ ಪ್ರಯೋಜನವಾಗುತ್ತದೆ. ಈ ತಾಯಿಯ ಹೆಸರಿನಲ್ಲಿ, ಯಜಮಾನರನ್ನೂ ಸೇರಿಸಿ, ಮೂರು ಲಕ್ಷ ರೂಪಾಯಿಗೆ ಪಾಲಿಸಿ ಮಾಡಿಸಿದ್ದರು. ಅದು 2023ನೆಯ ಫೆಬ್ರವರಿ 3ರಂದು ಆರಂಭವಾಗಿ, ಒಂದು ದಿನವೂ ತಪ್ಪದೆ ಎರಡು ಬಾರಿ ನವೀಕರಣಗೊಂಡಿತ್ತು.

ಈ ಪಾಲಿಸಿಯಲ್ಲಿ ಎರಡು ಬಗೆಯ ಕಾಯುವ ಅವಧಿಗಳಿವೆ. ನಮ್ಮ ತಾಯಿಯ ಹಣ ಸಿಕ್ಕಿಬಿದ್ದದ್ದು ಇವೆರಡರ ನಡುವೆ. ಮೊದಲನೆಯದು ಕೆಲವು ಹೆಸರಿಸಿದ ಕಾಯಿಲೆಗಳಿಗೆ ಇರುವ ಇಪ್ಪತ್ತನಾಲ್ಕು ತಿಂಗಳ ಅವಧಿ. ಕಣ್ಣಿನ ಪೊರೆಯು ಆ ಪಟ್ಟಿಯಲ್ಲಿ ಸ್ಪಷ್ಟವಾಗಿದೆ. ಪಾಲಿಸಿ ಆರಂಭವಾದ ದಿನದಿಂದ ಎರಡು ವರ್ಷದೊಳಗೆ ಪೊರೆ ತೆಗೆಸಿದರೆ, ಪೊರೆ ನಿನ್ನೆ ಬಂದಿರಲಿ ಮೊನ್ನೆ ಬಂದಿರಲಿ, ಹಣ ಬರುವುದಿಲ್ಲ. ಎರಡನೆಯದು ಪಾಲಿಸಿ ಮಾಡಿಸುವಾಗ ಮೊದಲೇ ಇದ್ದ ಕಾಯಿಲೆಗಳ ಅವಧಿ. 2024ರ ನಿಯಮಗಳ ಪ್ರಕಾರ ಇದು ಮೂವತ್ತಾರು ತಿಂಗಳುಗಳನ್ನು ಮೀರುವಂತಿಲ್ಲ. ಈ ಪಾಲಿಸಿಯಲ್ಲಿ ಅದು ಮೂವತ್ತಾರು ತಿಂಗಳೇ ಆಗಿತ್ತು. ಒಂದೇ ಕಾಯಿಲೆಯು ಎರಡೂ ಗುಂಪಿಗೆ ಸೇರಿದರೆ ದೀರ್ಘವಾದ ಅವಧಿಯೇ ಅನ್ವಯಿಸತಕ್ಕದ್ದೆಂದು ಷರತ್ತಿದೆ.

ಲೆಕ್ಕ ಹಾಕಿ ನೋಡೋಣ. ಇಪ್ಪತ್ತನಾಲ್ಕು ತಿಂಗಳು 2025ರ ಫೆಬ್ರವರಿ 2ಕ್ಕೆ ಮುಗಿದಿತ್ತು. ಶಸ್ತ್ರಚಿಕಿತ್ಸೆ ಆದದ್ದು ಅದಾದ ಎರಡೂವರೆ ತಿಂಗಳ ನಂತರ. ಆದುದರಿಂದ ಮೊದಲನೆಯ ಅಡ್ಡಿ ಇರಲಿಲ್ಲ. ಆದರೆ ಕಂಪನಿಯ ಕಾಗದದಲ್ಲಿ ಹೀಗಿತ್ತು: ಆಸ್ಪತ್ರೆಯ ಕೇಸ್ ಶೀಟಿನಲ್ಲಿ "ಮೂರು ವರ್ಷಗಳಿಂದ ದೃಷ್ಟಿ ಮಂಜು" ಎಂದು ಬರೆದಿದೆ, ಪಾಲಿಸಿ ಆರಂಭವಾಗಿ ಎರಡು ವರ್ಷ ಎರಡು ತಿಂಗಳಷ್ಟೇ ಆಗಿದೆ, ಆದ್ದರಿಂದ ಪೊರೆಯು ಪಾಲಿಸಿಗಿಂತ ಮೊದಲೇ ಇತ್ತು, ಮೂವತ್ತಾರು ತಿಂಗಳು ಮುಗಿದಿಲ್ಲ, ಕ್ಲೇಮು ತಿರಸ್ಕೃತ.

"ಮೂರು ವರ್ಷ ಎಂದು ಹೇಳಿದವರು ಯಾರು?" ಎಂದು ಕೇಳಿದೆ. ತಾಯಿ ಯಜಮಾನರ ಮುಖವನ್ನು ನೋಡಿದರು.

ನಡೆದದ್ದು ಇಷ್ಟು. ಆಸ್ಪತ್ರೆಯಲ್ಲಿ ದಾಖಲು ಮಾಡಿಕೊಳ್ಳುವಾಗ ಅಲ್ಲಿಯ ಕಿರಿಯ ವೈದ್ಯರು ಎಷ್ಟು ದಿನದಿಂದ ತೊಂದರೆಯೆಂದು ಕೇಳಿದರು. ತಾಯಿ ಉತ್ತರಿಸುವ ಮೊದಲೇ ಯಜಮಾನರು "ಮೂರು ವರ್ಷದಿಂದ ಇವಳಿಗೆ ಕಣ್ಣು ಮಂಜು" ಎಂದುಬಿಟ್ಟರು. ಅವರು ಸುಳ್ಳು ಹೇಳಲಿಲ್ಲ. ಸುಮಾರು ಮೂರು ವರ್ಷದ ಹಿಂದೆ ತಾಯಿಗೆ ಸೂಜಿಗೆ ದಾರ ಪೋಣಿಸಲು, ಅಕ್ಕಿಯಲ್ಲಿ ಕಲ್ಲು ಆರಿಸಲು ಆಗದಾಗಿತ್ತು. ಆಗ ಕನ್ನಡಕ ಕೊಡಿಸಿದ್ದರು. ಅವರ ಮನಸ್ಸಿನಲ್ಲಿ ಕಣ್ಣಿನ ತೊಂದರೆ ಎಂದರೆ ಅಂದಿನಿಂದಲೇ ಆರಂಭ. ಹೆಂಡತಿಯ ಕಾಯಿಲೆಯ ಚರಿತ್ರೆಯನ್ನು ಗಂಡ ಹೇಳುವುದು ನಮ್ಮ ಕಡೆ ಮರ್ಯಾದೆಯ ಲಕ್ಷಣವೆಂದೇ ತಿಳಿದಿದ್ದೇವೆ. ವೈದ್ಯನಾಗಿ ನಾನು ಇದನ್ನು ದಿನನಿತ್ಯ ನೋಡುತ್ತೇನೆ. ಹೊಟ್ಟೆನೋವು ಯಾರದೋ, ಉತ್ತರ ಯಾರದೋ.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದೇ ಮಾತಿನಲ್ಲಿ ಸೇರಿಹೋಗಿವೆ. ಕಣ್ಣಿನ ಒಳಗೆ, ಪಾಪೆಯ ಹಿಂದೆ, ಪಾರದರ್ಶಕವಾದ ಮಸೂರವೊಂದಿದೆ. ಹತ್ತಿರದ ವಸ್ತುವನ್ನು ನೋಡುವಾಗ ಅದು ತನ್ನ ಆಕಾರವನ್ನು ಬದಲಿಸಿಕೊಂಡು ಉಬ್ಬುತ್ತದೆ. ನಲವತ್ತು ವರ್ಷ ದಾಟಿದ ಮೇಲೆ ಮಸೂರ ಬಿರುಸಾಗಿ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆಗ ದೂರದ ತೆಂಗಿನಮರ ಕಾಣುತ್ತದೆ, ಕೈಯಲ್ಲಿರುವ ಸೂಜಿ ಕಾಣುವುದಿಲ್ಲ. ಇದನ್ನೇ ಚಾಳೀಸು ಎನ್ನುವುದು. ಇದಕ್ಕೆ ಕನ್ನಡಕ ಸಾಕು. ಪೊರೆಯೆಂಬುದು ಬೇರೆ. ಅಲ್ಲಿ ಮಸೂರದ ಪಾರದರ್ಶಕತೆಯೇ ಕೆಡುತ್ತದೆ. ಬೆಳಕು ಒಳಗೆ ಸರಿಯಾಗಿ ಹಾಯುವುದಿಲ್ಲ. ಕನ್ನಡಕ ಬದಲಿಸಿದರೂ ಮಂಜು ಹೋಗುವುದಿಲ್ಲ. ಈ ತಾಯಿಗೆ ಬಂದದ್ದು ಮಸೂರದ ಹಿಂಭಾಗದಲ್ಲಿ ಕಟ್ಟುವ ಬಗೆಯ ಪೊರೆ. ಬಿಸಿಲಿಗೆ ಹೋದರೆ ಕಣ್ಣು ಕುಕ್ಕುವುದು, ಎದುರಿನಿಂದ ಬರುವ ಬಸ್ಸಿನ ದೀಪ ಚೆಲ್ಲಾಪಿಲ್ಲಿಯಾಗಿ ಕಾಣುವುದು ಇದರ ಗುರುತು. ಮಸೂರದ ನಡುವೆ ಕಟ್ಟುವ ಪೊರೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಹಿಂಭಾಗದ ಪೊರೆಯಾದರೋ ಕೆಲವೇ ತಿಂಗಳುಗಳಲ್ಲಿ ದೃಷ್ಟಿಯನ್ನು ಬಹಳವಾಗಿ ಕುಗ್ಗಿಸಬಲ್ಲದು. ಮದಗದ ಕೆರೆಯ ಕಡೆಯಿಂದ ಸಂಜೆ ಮನೆಗೆ ಬರುವಾಗ ದಾರಿ ಕಾಣದಾದದ್ದು ಯಾವಾಗಿನಿಂದ ಎಂದು ತಾಯಿಯನ್ನೇ ಕೇಳಿದೆ. "ಹೋದ ವರ್ಷದ ದೀಪಾವಳಿ ಕಳೆದ ಮೇಲೆ" ಎಂದರು. ಅಂದರೆ 2024ರ ನವೆಂಬರ್. ಆಗ ಪಾಲಿಸಿಗೆ ಎರಡನೆಯ ವರ್ಷ ನಡೆಯುತ್ತಿತ್ತು.

ಇದನ್ನು ಕೇಳಿದ ಯಜಮಾನರಿಗೆ ಒಂದು ಉಪಾಯ ತೋಚಿತು. "ನೀವೇ ಒಂದು ಸರ್ಟಿಫಿಕೇಟು ಬರೆದುಕೊಡಿ ಡಾಕ್ಟ್ರೇ, ಆರು ತಿಂಗಳಿಂದ ಮಾತ್ರ ಪೊರೆ ಇತ್ತು ಅಂತ. ಆಸ್ಪತ್ರೆಯವರಿಗೂ ಹೇಳಿ ಆ ಮೂರು ವರ್ಷ ಅನ್ನುವುದನ್ನು ಹೊಡೆಸಿ ಹಾಕಿಸೋಣ" ಎಂದರು. ನಾನು ಒಪ್ಪಲಿಲ್ಲ. ಪೊರೆ ಯಾವ ತಿಂಗಳು ಆರಂಭವಾಯಿತೆಂದು ಕಣ್ಣನ್ನು ನೋಡಿ ಹೇಳಲು ಯಾವ ವೈದ್ಯನಿಗೂ ಸಾಧ್ಯವಿಲ್ಲ. ಹಾಗಿರುವಾಗ ನಾನು ಬರೆದರೆ ಅದು ಸುಳ್ಳು. ಅಲ್ಲದೆ, ಕೇಸ್ ಶೀಟಿನ ಪ್ರತಿ ಆಗಲೇ ಕಂಪನಿಯ ಕೈಯಲ್ಲಿದೆ. ಈಗ ತಿದ್ದಿದ ಪ್ರತಿಯೊಂದು ಹೋದರೆ, ನಿಜವಾದ ಕ್ಲೇಮು ಕೂಡ ಮೋಸದ ಕ್ಲೇಮೆಂದು ತೋರುತ್ತದೆ. ಮೋಸವೆಂದು ರುಜುವಾತಾದರೆ ಪಾಲಿಸಿಯೇ ರದ್ದಾಗಬಹುದು. ಯಜಮಾನರಿಗೆ ನನ್ನ ಮೇಲೆ ಬೇಸರವಾಯಿತು. ಸಾಲ ಮಾಡಿದವರಿಗೆ ಬೇಸರವಾಗುವುದು ಸಹಜ.

ಆದರೆ ಸುಳ್ಳಿನ ಅವಶ್ಯಕತೆಯೇ ಇರಲಿಲ್ಲ. 'ಮೊದಲೇ ಇದ್ದ ಕಾಯಿಲೆ' ಎಂಬ ಮಾತಿಗೆ ಪಾಲಿಸಿಯಲ್ಲಿಯೇ ಅರ್ಥವಿವರಣೆ ಕೊಟ್ಟಿದ್ದಾರೆ. ಪಾಲಿಸಿ ಆರಂಭವಾಗುವುದಕ್ಕೆ ಹಿಂದಿನ ಮೂವತ್ತಾರು ತಿಂಗಳೊಳಗೆ ವೈದ್ಯರು ಪತ್ತೆಮಾಡಿದ ಕಾಯಿಲೆ, ಅಥವಾ ಆ ಅವಧಿಯಲ್ಲಿ ಯಾವ ಕಾಯಿಲೆಗೆ ವೈದ್ಯರು ಸಲಹೆ ಇಲ್ಲವೆ ಚಿಕಿತ್ಸೆ ಕೊಟ್ಟಿದ್ದರೋ ಅದು; ಇಷ್ಟೇ ಆ ಮಾತಿನ ಅರ್ಥ. ರೋಗಿಗೆ ಏನು ಅನ್ನಿಸುತ್ತಿತ್ತು, ಗಂಡನಿಗೆ ಏನು ತೋರುತ್ತಿತ್ತು ಎಂಬುದು ಅದರಲ್ಲಿಲ್ಲ. ಆದುದರಿಂದ "ಮಂಜು ಯಾವಾಗ ಆರಂಭವಾಯಿತು?" ಎಂಬುದು ಇಲ್ಲಿಯ ಪ್ರಶ್ನೆಯೇ ಅಲ್ಲ. "ಪೊರೆಯಿದೆಯೆಂದು ಯಾವ ವೈದ್ಯರು, ಯಾವ ದಿನ, ಮೊದಲ ಬಾರಿಗೆ ಹೇಳಿದರು?" ಎಂಬುದೇ ಪ್ರಶ್ನೆ. ಇದಕ್ಕೆ ಉತ್ತರವು ಆ ಖಾಸಗಿ ಆಸ್ಪತ್ರೆಯ ಮೊದಲ ತಪಾಸಣೆಯ ಚೀಟಿಯಲ್ಲಿತ್ತು: 2025ನೆಯ ಏಪ್ರಿಲ್ 7.

ಇನ್ನೊಂದು ವಿಷಯ ಬಾಕಿಯಿತ್ತು. ಮೂರು ವರ್ಷದ ಹಿಂದೆ ಕನ್ನಡಕ ಕೊಟ್ಟವರು ಯಾರು? ಆ ತಾಯಿ ನಮ್ಮ ಕೇಂದ್ರದಲ್ಲಿಯೇ ನೇತ್ರಾಧಿಕಾರಿಗಳಿಂದ ಪರೀಕ್ಷೆ ಮಾಡಿಸಿಕೊಂಡಿದ್ದರು. ಹಳೆಯ ರಿಜಿಸ್ಟರನ್ನು ತೆಗೆಸಿದೆ. ತೆರೆಯುವ ಮುನ್ನ ಇಬ್ಬರಿಗೂ ಒಂದು ಮಾತು ತಿಳಿಸಿದೆ: "ಅಂದೇ ಪೊರೆಯ ಆರಂಭವೆಂದು ಇದರಲ್ಲಿ ಬರೆದಿದ್ದರೆ, ಕಂಪನಿಯವರು ಹೇಳಿದ್ದು ಸರಿಯಾಗುತ್ತದೆ. ಆಗ ನಾನು ನಿಮಗೆ ಪತ್ರ ಬರೆಯಿರೆಂದು ಹೇಳಲಾರೆ." ತಾಯಿ "ನೋಡಿ ಸ್ವಾಮಿ, ಇದ್ದದ್ದು ಇರಲಿ" ಎಂದರು. 2022ನೆಯ ಸೆಪ್ಟೆಂಬರ್ 14ರ ಸಾಲಿನಲ್ಲಿ ಹೀಗಿತ್ತು: ದೂರದೃಷ್ಟಿ ಎರಡು ಕಣ್ಣಿಗೂ 6/6, ಮಸೂರ ಎರಡೂ ಕಣ್ಣುಗಳಲ್ಲಿ ಸ್ವಚ್ಛ, ಓದಲು ಪ್ಲಸ್ 2.00ರ ಕನ್ನಡಕ. ಪಾಲಿಸಿ ಆರಂಭಕ್ಕೆ ಐದು ತಿಂಗಳ ಮುಂಚೆ ಪೊರೆ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ನಾನು ಬರೆದುಕೊಟ್ಟದ್ದು ಆ ಸಾಲಿನ ದೃಢೀಕೃತ ನಕಲು ಮಾತ್ರ, ಬೇರೇನೂ ಅಲ್ಲ.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದಲೂ ಒಂದು ಪತ್ರ ಬೇಕಾಗಿತ್ತು. ಕೇಸ್ ಶೀಟನ್ನು ತಿದ್ದಬೇಡಿ, ಇಂದಿನ ತಾರೀಖು ಹಾಕಿ ಪ್ರತ್ಯೇಕವಾಗಿ ಸ್ಪಷ್ಟನೆ ಕೊಡಿ ಎಂದು ಕೋರಲು ತಿಳಿಸಿದೆ. ಅವರು ಸಜ್ಜನರು, ಮೂರೇ ವಾಕ್ಯಗಳಲ್ಲಿ ಬರೆದುಕೊಟ್ಟರು: ಅವಧಿಯ ಮಾಹಿತಿಯನ್ನು ರೋಗಿಯ ಪತಿ ಕೊಟ್ಟದ್ದು, ಅದರ ಬಗ್ಗೆ ಹಿಂದಿನ ಯಾವ ವೈದ್ಯಕೀಯ ದಾಖಲೆಯನ್ನೂ ಆಗ ನೋಡಿರಲಿಲ್ಲ, ಪೊರೆಯನ್ನು ತಾವು ಮೊದಲ ಬಾರಿಗೆ ಪತ್ತೆಮಾಡಿದ್ದು ಏಪ್ರಿಲ್ 7ರಂದು. ಈ ಪತ್ರ ತರಲು ಯಜಮಾನರು ಎರಡು ಬಾರಿ ಬಸ್ಸು ಹತ್ತಬೇಕಾಯಿತು.

ಇನ್ನು ಪತ್ರಕ್ಕೆ ಬರುತ್ತೇನೆ. ಮೊದಲು ತಾಯಿಯ ಮಗಳು ಒಂದು ಕರಡು ಬರೆದು ತಂದಿದ್ದಳು. ಅದರಲ್ಲಿ ಸಾಲದ ಕಷ್ಟ, ಮಳೆ ಬಾರದ ಕಷ್ಟ, ದಯೆ ತೋರಬೇಕೆಂಬ ಪ್ರಾರ್ಥನೆ ಎರಡು ಪುಟ ತುಂಬಿತ್ತು; ತಿರಸ್ಕಾರದ ಕಾರಣದ ಬಗ್ಗೆ ಒಂದು ಸಾಲೂ ಇರಲಿಲ್ಲ. ಓದಿದಾಗ ನನ್ನ ಮನಸ್ಸೂ ಕರಗಿತು. ಆದರೆ ಕಡತವನ್ನು ಮತ್ತೆ ತೆರೆಯುವ ಅಧಿಕಾರಿಗೆ ಬೇಕಾದದ್ದು ತಿರಸ್ಕಾರದ ಕಾರಣವನ್ನು ಅಳಿಸುವ ಕಾಗದ. ಕಂಪನಿಯು ಎತ್ತಿದ ಕಾರಣ ಒಂದೇ. ಪತ್ರವೂ ಅದೊಂದಕ್ಕೇ ಉತ್ತರ ಕೊಡಬೇಕು. ಮತ್ತೆ ಕುಳಿತು ಬರೆದ ಪತ್ರವಿದು:

"ಇವರಿಗೆ,
ಕುಂದುಕೊರತೆ ನಿವಾರಣಾಧಿಕಾರಿಗಳು.

ಮಾನ್ಯರೇ,

ವಿಷಯ: ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಕ್ಲೇಮು ತಿರಸ್ಕರಿಸಿದ ಆದೇಶದ ಪುನರ್ ಪರಿಶೀಲನೆಗಾಗಿ ಮನವಿ. ಪಾಲಿಸಿ ಸಂಖ್ಯೆ, ಕ್ಲೇಮು ಸಂಖ್ಯೆ ಹಾಗೂ ತಮ್ಮ ಪತ್ರದ ಸಂಖ್ಯೆ ಮೇಲೆ ನಮೂದಿಸಿದೆ. ತಮ್ಮ ಪತ್ರದ ದಿನಾಂಕ 29-5-2025.

ನಾನು ಈ ಪಾಲಿಸಿಯ ಪಾಲಿಸಿದಾರಳೂ ರೋಗಿಯೂ ಆಗಿರುತ್ತೇನೆ. ನನ್ನ ಪಾಲಿಸಿ 3-2-2023ರಿಂದ ಎಡೆಬಿಡದೆ ಜಾರಿಯಲ್ಲಿದೆ. ಪೊರೆಗೆ ಅನ್ವಯಿಸುವ ಇಪ್ಪತ್ತನಾಲ್ಕು ತಿಂಗಳ ಅವಧಿ 2-2-2025ಕ್ಕೆ ಮುಗಿದಿದೆ. ಶಸ್ತ್ರಚಿಕಿತ್ಸೆ 21-4-2025ರಂದು ಆಗಿದೆ.

ನನ್ನ ಪೊರೆಯು ಮೊದಲೇ ಇದ್ದ ಕಾಯಿಲೆ ಎಂದು ತಾವು ತಿರಸ್ಕರಿಸಿರುತ್ತೀರಿ. ಇದಕ್ಕೆ ಆಧಾರ, ಕೇಸ್ ಶೀಟಿನಲ್ಲಿರುವ 'ಮೂರು ವರ್ಷಗಳಿಂದ ದೃಷ್ಟಿ ಮಂಜು' ಎಂಬ ಮಾತು ಒಂದೇ. ಆ ಮಾತನ್ನು ಹೇಳಿದವರು ನನ್ನ ಯಜಮಾನರು. ಅವರು ಹೇಳಿದ್ದು ನಾನು 2022ರಲ್ಲಿ ಓದುವ ಕನ್ನಡಕ ತೆಗೆದುಕೊಂಡ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಆ ದಿನದ, ಅಂದರೆ 14-9-2022ರ, ಸರ್ಕಾರಿ ಆರೋಗ್ಯ ಕೇಂದ್ರದ ದಾಖಲೆಯ ದೃಢೀಕೃತ ನಕಲನ್ನು ಲಗತ್ತಿಸಿದ್ದೇನೆ. ಅದರಲ್ಲಿ ನನ್ನ ಎರಡೂ ಕಣ್ಣಿನ ಮಸೂರ ಸ್ವಚ್ಛವಾಗಿತ್ತೆಂದೂ ದೂರದೃಷ್ಟಿ 6/6 ಇತ್ತೆಂದೂ ಬರೆದಿದೆ.

ಪಾಲಿಸಿಯ ಅರ್ಥವಿವರಣೆಯಂತೆ, ಪಾಲಿಸಿಗೆ ಮುಂಚೆ ವೈದ್ಯರು ಪತ್ತೆಮಾಡಿದ ಅಥವಾ ಸಲಹೆ, ಚಿಕಿತ್ಸೆ ನೀಡಿದ ಕಾಯಿಲೆ ಮಾತ್ರ ಮೊದಲೇ ಇದ್ದ ಕಾಯಿಲೆ. ನನ್ನ ಪೊರೆಯನ್ನು ಮೊದಲ ಬಾರಿಗೆ ಪತ್ತೆಮಾಡಿದ್ದು 7-4-2025ರಂದು. ಆ ದಿನದ ಚೀಟಿಯನ್ನೂ ಶಸ್ತ್ರಚಿಕಿತ್ಸಕರ ಸ್ಪಷ್ಟನೆಯನ್ನೂ ಲಗತ್ತಿಸಿದ್ದೇನೆ. ಪಾಲಿಸಿಗೆ ಮುಂಚೆ ಯಾವುದಾದರೂ ವೈದ್ಯರು ಪೊರೆಯನ್ನು ಪತ್ತೆಮಾಡಿದ್ದರೆಂಬ ದಾಖಲೆ ತಮ್ಮಲ್ಲಿದ್ದರೆ ಅದರ ನಕಲನ್ನು ನನಗೆ ಕಳುಹಿಸಬೇಕಾಗಿ ಕೋರುತ್ತೇನೆ.

ಈ ತಿರಸ್ಕಾರಕ್ಕೆ ತಮ್ಮ ಕ್ಲೇಮು ಪುನರ್ವಿಮರ್ಶಾ ಸಮಿತಿಯ ಒಪ್ಪಿಗೆ ಇದೆಯೇ ಎಂಬುದನ್ನೂ ತಿಳಿಸಬೇಕು.

ಬಿಲ್ಲಿನ ಮೊತ್ತ 38,400 ರೂ. ಒಂದು ಕಣ್ಣಿನ ಮಿತಿ 40,000 ರೂಪಾಯಿಗಳೊಳಗೆ ಇದೆ. ನನ್ನ ಪಾಲಿನ ಶೇಕಡ 5, ಅಂದರೆ 1,920 ರೂ. ಕಳೆದು, 36,480 ರೂ. ಪಾವತಿ ಮಾಡಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,"

ಕೆಳಗೆ ತಾಯಿಯ ರುಜು. ಅವರು ನಿಧಾನವಾಗಿ, ಹೊಸ ಕಣ್ಣಿನಿಂದ ನೋಡುತ್ತ, ಪೂರ್ತಿ ಹೆಸರು ಬರೆದರು.

ಪತ್ರದ ಕೊನೆಯಲ್ಲಿರುವ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಪಾಲಿಸಿಯಲ್ಲಿ ಪೊರೆಗೆ ಪೂರ್ಣ ಮೂರು ಲಕ್ಷ ಸಿಗುವುದಿಲ್ಲ. ವಿಮಾ ಮೊತ್ತದ ಶೇಕಡ 25 ಅಥವಾ 40,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು, ಒಂದು ಕಣ್ಣಿಗೆ ಒಂದು ಪಾಲಿಸಿ ವರ್ಷಕ್ಕೆ ಮಿತಿ. ಮೂರು ಲಕ್ಷದ ಶೇಕಡ 25 ಎಂದರೆ 75,000. ಆದುದರಿಂದ ಇವರಿಗೆ ಮಿತಿ 40,000. ಒಂದು ಲಕ್ಷದ ಪಾಲಿಸಿಯಾಗಿದ್ದರೆ ಮಿತಿ 25,000ಕ್ಕೆ ಇಳಿಯುತ್ತಿತ್ತು. ಅದರ ಮೇಲೆ ಒಪ್ಪಿತವಾದ ಮೊತ್ತದಲ್ಲಿ ಶೇಕಡ 5ನ್ನು ಪಾಲಿಸಿದಾರರೇ ಹೊರಬೇಕು. ಪೂರ್ತಿ 38,400 ಕೇಳದೆ 36,480 ಕೇಳಿದ್ದು ಈ ಕಾರಣಕ್ಕೆ. ಲೆಕ್ಕ ಸರಿಯಾಗಿದ್ದರೆ ಅದನ್ನು ಕುರಿತು ಮತ್ತೊಂದು ಸುತ್ತು ಪತ್ರವ್ಯವಹಾರ ನಡೆಯುವುದಿಲ್ಲ.

ಸಮಿತಿಯ ಒಪ್ಪಿಗೆಯನ್ನು ಕೇಳಿದ್ದೂ ಸುಮ್ಮನೆ ಅಲ್ಲ. 2024ರಲ್ಲಿ ಪ್ರಾಧಿಕಾರವು ಹೊರಡಿಸಿದ ಸುತ್ತೋಲೆಯ ಪ್ರಕಾರ, ಕಂಪನಿಯೊಳಗಿನ ಇಂಥ ಸಮಿತಿಯ ಒಪ್ಪಿಗೆಯಿಲ್ಲದೆ ಆರೋಗ್ಯ ವಿಮೆಯ ಕ್ಲೇಮನ್ನು ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದಾಗ ಪಾಲಿಸಿಯ ಯಾವ ಷರತ್ತಿನ ಮೇಲೆ ಎಂಬುದನ್ನು ತಿಳಿಸಬೇಕು. ಕೇವಲ ಏಜೆಂಟರ ಬಾಯಿಮಾತಿನ "ಬರುವುದಿಲ್ಲ" ಎಂಬುದು ತಿರಸ್ಕಾರವಲ್ಲ. ಬರವಣಿಗೆಯ ಕಾಗದ ಕೈಗೆ ಬರುವವರೆಗೆ ಮೇಲ್ಮನವಿಗೆ ಬುಡವೇ ಇರುವುದಿಲ್ಲ.

ಪತ್ರವನ್ನು ಕನ್ನಡದಲ್ಲಿ ಬರೆದು, ಅದರ ಇಂಗ್ಲಿಷ್ ಅನುವಾದವನ್ನೂ ಜೊತೆಗಿಟ್ಟೆವು. ಕಾಗದಗಳೆಲ್ಲ ನಕಲುಗಳೇ, ಮೂಲಗಳು ಮನೆಯ ಟ್ರಂಕಿನಲ್ಲಿ ಉಳಿದವು. ಹೀಗೆ ಲಗತ್ತಿಸಿದವುಗಳಲ್ಲಿ ಒಂದು ಚಿಕ್ಕ ಕಾಗದವನ್ನು ವಿಶೇಷವಾಗಿ ಹೇಳಬೇಕು. ಕಣ್ಣಿನೊಳಗೆ ಕೂರಿಸುವ ಕೃತಕ ಮಸೂರದ ಪೆಟ್ಟಿಗೆಯಲ್ಲಿ ಅದರ ಶಕ್ತಿ ಮತ್ತು ಸಂಖ್ಯೆಯಿರುವ ಅಂಟುಚೀಟಿ ಇರುತ್ತದೆ. ಆಸ್ಪತ್ರೆಯವರು ಅದನ್ನು ಬಿಡುಗಡೆಯ ಪತ್ರಕ್ಕೋ ಬಿಲ್ಲಿಗೋ ಅಂಟಿಸಿಕೊಡುತ್ತಾರೆ. ಮಸೂರದ ಹಣವನ್ನು ಕೇಳುವಾಗ ಕಂಪನಿ ಹುಡುಕುವುದು ಇದನ್ನೇ. ಈ ತಾಯಿಯ ಮನೆಯಲ್ಲಿ ಮೊಮ್ಮಗ ಆ ಚೀಟಿಯನ್ನು ಕಿತ್ತು ತನ್ನ ಪುಸ್ತಕಕ್ಕೆ ಅಂಟಿಸಿಕೊಂಡಿದ್ದ. ಪುಣ್ಯಕ್ಕೆ ಅದರ ನಕಲು ಮೊದಲೇ ಕಂಪನಿಗೆ ಹೋಗಿತ್ತು.

ಜೂನ್ 9ರಂದು ಕಡೂರಿನಿಂದ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹೋಯಿತು. ರಸೀದಿಯನ್ನು ನಕಲಿನ ಹಿಂದೆ ಪಿನ್ನು ಮಾಡಿಟ್ಟರು. ಇಂಥ ದೂರಿಗೆ ಕಂಪನಿ ಎರಡು ವಾರದೊಳಗೆ ಉತ್ತರಿಸಬೇಕು. ಉತ್ತರ ಬರದೆ ಒಂದು ತಿಂಗಳು ಕಳೆದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಜಯಪ್ರಕಾಶ ನಗರದಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡುವ ಹಾಗೂ ಇಲ್ಲ. ಒಂದು ವರ್ಷದೊಳಗೆ ಕೊಡಬೇಕೆಂಬುದು ಮಾತ್ರ ಕಡ್ಡಾಯ. ಮೊದಲು ಕಂಪನಿಗೆ ಬರೆಯದೆ ನೇರವಾಗಿ ಅಲ್ಲಿಗೆ ಹೋದರೆ ದೂರನ್ನು ಸ್ವೀಕರಿಸುವುದಿಲ್ಲ. ಪೋಸ್ಟಿನ ರಸೀದಿಗೆ ಅಷ್ಟು ಬೆಲೆ ಇರುವುದು ಅದಕ್ಕೇ. ಲೋಕಪಾಲರಿಗೂ ಇದೇ ಪತ್ರದ ನಕಲು, ಇದೇ ಲಗತ್ತುಗಳು ಸಾಕಾಗುತ್ತವೆ.

ಈ ತಾಯಿ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಹದಿನೇಳನೆಯ ದಿನ ಕಂಪನಿಯಿಂದ ಒಂದು ಫೋನು ಬಂದಿತು. ಕನ್ನಡಕ ಕೊಟ್ಟ ದಿನದ ದಾಖಲೆಯ ಮೇಲಿನ ಮೊಹರು ಅಸ್ಪಷ್ಟವಾಗಿದೆ, ಇನ್ನೊಂದು ನಕಲು ಬೇಕೆಂದು ಕೇಳಿದರು. ನಮ್ಮ ಮೊಹರಿನ ಮಸಿಪ್ಯಾಡು ಒಣಗಿತ್ತು, ತಪ್ಪು ನಮ್ಮದೇ. ಹೊಸ ನಕಲು ಕಳುಹಿಸಿದೆವು. ಜುಲೈ ತಿಂಗಳ ಮೂರನೆಯ ವಾರದಲ್ಲಿ 36,480 ರೂಪಾಯಿ ತಾಯಿಯ ಖಾತೆಗೆ ಜಮೆಯಾಯಿತು. ಅಷ್ಟರೊಳಗೆ ಸಂಘಕ್ಕೆ ಮೂರು ತಿಂಗಳ ಬಡ್ಡಿ ಕಟ್ಟಿಯಾಗಿತ್ತು. ಅದನ್ನು ಯಾರೂ ಕೊಡಲಿಲ್ಲ.

ಈ ಪತ್ರ ಎಲ್ಲರಿಗೂ ಹಣ ತರುವುದೆಂದು ತಿಳಿಯಬೇಡಿ. ಇಪ್ಪತ್ತನಾಲ್ಕು ತಿಂಗಳೊಳಗೆ ಪೊರೆ ತೆಗೆಸಿಕೊಂಡವರಿಗೆ ಇದರಿಂದ ಪ್ರಯೋಜನವಿಲ್ಲ. ಕಳೆದ ವರ್ಷವೇ ಇನ್ನೊಬ್ಬ ಹಿರಿಯರು ಇಪ್ಪತ್ತೆರಡನೆಯ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಇದೇ ಪತ್ರದ ನಕಲನ್ನು ಕೇಳಿಕೊಂಡು ಬಂದರು. ಅವರ ಪೊರೆ ತುರ್ತಿನದಾಗಿರಲಿಲ್ಲ. ಎರಡು ತಿಂಗಳು ತಾಳಿದ್ದರೆ ಹಣ ಬರುತ್ತಿತ್ತು. ಬರೆಯುವುದು ವ್ಯರ್ಥವೆಂದು ಅವರಿಗೆ ಹೇಳಬೇಕಾಯಿತು. ಹಾಗೆಂದು ಕಣ್ಣು ಕೆಂಪಾಗಿ, ತಲೆನೋವು ವಾಂತಿಯೊಡನೆ ತೀವ್ರವಾಗಿ ನೋಯುತ್ತಿದ್ದರೆ ಪಾಲಿಸಿಯ ತಾರೀಖನ್ನು ನೋಡುತ್ತ ಕೂರಬಾರದು. ಬಲಿತ ಪೊರೆಯು ಉಬ್ಬಿ ಕಣ್ಣಿನೊಳಗಿನ ಒತ್ತಡ ಏರಿದಾಗ ಹೀಗಾಗುತ್ತದೆ, ತಡಮಾಡಿದರೆ ದೃಷ್ಟಿ ಶಾಶ್ವತವಾಗಿ ಹೋಗುತ್ತದೆ. ಪಾಲಿಸಿಗೆ ಮುಂಚೆಯೇ ವೈದ್ಯರು ಪೊರೆಯೆಂದು ಬರೆದಿದ್ದರೂ, ಅದನ್ನು ಅರ್ಜಿಯಲ್ಲಿ ತಿಳಿಸದೆ ಮುಚ್ಚಿಟ್ಟಿದ್ದರೂ, ಪತ್ರ ನಿಲ್ಲುವುದಿಲ್ಲ. ಓದುವ ಕನ್ನಡಕವನ್ನು ಹೇಳದಿದ್ದದ್ದು ಮುಚ್ಚಿಟ್ಟಂತಲ್ಲ. ಚಾಳೀಸು ವಯಸ್ಸಿನ ಸಹಜ ಬದಲಾವಣೆ.

ವಿಮೆಯೇ ಇಲ್ಲದವರು, ಅಥವಾ ಕಾಯುವ ಅವಧಿ ಮುಗಿಯದವರು, ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ಅಲ್ಲಿಯೂ ಕೃತಕ ಮಸೂರವನ್ನು ಕೂರಿಸುತ್ತಾರೆ. ಈ ತಾಯಿಯೂ ಅಲ್ಲಿಗೇ ಹೋಗಬಹುದಾಗಿತ್ತು. ವಿಮೆ ಇದೆಯಲ್ಲ ಎಂದು ಮಗ ಖಾಸಗಿಗೆ ಕರೆದೊಯ್ದನಂತೆ.

ಅವರ ಎಡಗಣ್ಣಿನಲ್ಲಿಯೂ ಈಗ ಪೊರೆ ಕಾಣಿಸಿಕೊಂಡಿದೆ. ಮೊನ್ನೆ ನಮ್ಮ ನೇತ್ರಾಧಿಕಾರಿಗಳು ಪರೀಕ್ಷಿಸುವಾಗ ಎಷ್ಟು ದಿನದಿಂದ ತೊಂದರೆಯೆಂದು ಕೇಳಿದರು. ಯಜಮಾನರು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡು, "ಅವಳನ್ನೇ ಕೇಳಿ ಸ್ವಾಮಿ" ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು.

ನೇತ್ರಾಧಿಕಾರಿಗಳು ಬರುವ ದಿನವನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಯರು ತಿಳಿಸುತ್ತಾರೆ. ಪರೀಕ್ಷೆ ಮಾಡಿಸಿಕೊಂಡವರು ಚೀಟಿಯನ್ನು ಬಿಸಾಡದೆ, ಪಾಲಿಸಿಯಿದ್ದರೆ ಅದರ ಜೊತೆಯಲ್ಲಿಯೇ ಇಡಿ. ಪತ್ರದ ನಕಲು ಬೇಕಾದವರು ಸಭೆ ಮುಗಿದ ಮೇಲೆ ನನ್ನನ್ನು ಕೇಳಬಹುದು.